ಯಾವ ಜಾಬ್ ಮೊದಲು? ಎರಡು ಯಂತ್ರಗಳ ಪ್ರೆಸ್ಸಿಗೊಂದು ಸರದಿ ಲೆಕ್ಕ

ರಟ್ಟಿನ ಡಬ್ಬಿ, ಮದುವೆ ಕಾರ್ಡು, ಫೈಲು ಇಂಥವನ್ನು ಮಾಡಿಕೊಡುವ ಸಣ್ಣ ಪ್ರೆಸ್ಸುಗಳಲ್ಲಿ ಒಂದು ದೃಶ್ಯ ಮಾಮೂಲು. ಬೆಳಿಗ್ಗೆ ಆಫ್‌ಸೆಟ್ ಮೆಷಿನ್ ಭರದಿಂದ ಓಡುತ್ತಿರುತ್ತದೆ, ಪಂಚಿಂಗ್ ಮೆಷಿನ್ ಪಕ್ಕದಲ್ಲಿ ಆಪರೇಟರು ಕೆಲಸವಿಲ್ಲದೆ ಚಹಾ ಕುಡಿಯುತ್ತಿರುತ್ತಾರೆ. ಸಂಜೆಯ ಹೊತ್ತಿಗೆ ಎಲ್ಲ ತಿರುವುಮುರುವು. ಆಫ್‌ಸೆಟ್ ನಿಂತಿರುತ್ತದೆ, ಪಂಚಿಂಗ್ ಮುಂದೆ ಶೀಟುಗಳ ರಾಶಿ ಬಿದ್ದಿರುತ್ತದೆ, ಅದೇ ಆಪರೇಟರಿಗೆ ಮಾಲೀಕರು ಓವರ್‌ಟೈಮ್ ಕೊಟ್ಟು ರಾತ್ರಿ ಕೂರಿಸುತ್ತಾರೆ. ಬೆಳಿಗ್ಗೆ ಸುಮ್ಮನೆ ಕೂತಿದ್ದಕ್ಕೂ ಸಂಬಳ, ರಾತ್ರಿ ದುಡಿದಿದ್ದಕ್ಕೂ ಸಂಬಳ.

ಇದಕ್ಕೆ ಸಾಮಾನ್ಯವಾಗಿ ಬೈಗುಳ ಬೀಳುವುದು ಯಂತ್ರದ ಮೇಲೆ, ಇಲ್ಲವೇ ಆಪರೇಟರ ಮೇಲೆ. ಎಷ್ಟೋ ಸಲ ತಪ್ಪು ಇಬ್ಬರದ್ದೂ ಅಲ್ಲ, ಜಾಬ್‌ಗಳನ್ನು ಯಾವ ಸರದಿಯಲ್ಲಿ ಹತ್ತಿಸಿದರು ಎಂಬುದರದ್ದು. ಎಲ್ಲ ಕೆಲಸವೂ ಮೊದಲು ಒಂದು ಯಂತ್ರ, ಆಮೇಲೆ ಇನ್ನೊಂದು ಯಂತ್ರ ಎಂಬ ಒಂದೇ ದಾರಿಯಲ್ಲಿ ಹೋಗುವುದಾದರೆ, ಒಟ್ಟು ಸಮಯ ಅತಿ ಕಡಿಮೆಯಾಗುವ ಸರದಿಯನ್ನು ಕಾಗದ ಪೆನ್ಸಿಲ್ ಹಿಡಿದು ಐದು ನಿಮಿಷದಲ್ಲಿ ಹುಡುಕಬಹುದು. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಗಣಿತಜ್ಞ ಸೆಲ್ಮರ್ ಜಾನ್ಸನ್ 1954ರಲ್ಲಿ ಪ್ರಕಟಿಸಿದ ನಿಯಮ ಇದು. ಪ್ರಶ್ನೆಯನ್ನು ಮುಂದಿಟ್ಟವರು ಅದೇ ಸಂಸ್ಥೆಯ ರಿಚರ್ಡ್ ಬೆಲ್‌ಮನ್. ನಮ್ಮ ಎಂಜಿನಿಯರಿಂಗ್, ಎಂಬಿಎ ವಿದ್ಯಾರ್ಥಿಗಳು ಪರೀಕ್ಷೆಗೆಂದು ಇದನ್ನು ಓದಿ ಅಂಕ ತೆಗೆದುಕೊಳ್ಳುತ್ತಾರೆ, ಆದರೆ ನಿಜಕ್ಕೂ ಇದು ಬೇಕಾಗಿರುವ ಪ್ರೆಸ್ಸಿನ ಗೋಡೆಯ ಮೇಲೆ ಅದು ಕಾಣುವುದಿಲ್ಲ.

ಐದು ಜಾಬ್, ಹತ್ತು ಅಂಕಿ

ಲೆಕ್ಕಕ್ಕೆಂದು ಒಂದು ಪ್ರೆಸ್ಸನ್ನು ಕಲ್ಪಿಸಿಕೊಳ್ಳೋಣ. ಒಂದು ಸಿಂಗಲ್ ಕಲರ್ ಆಫ್‌ಸೆಟ್, ಶೀಟನ್ನು ಕೈಯಿಂದ ಕೊಡುವ ಒಂದು ಡೈ ಪಂಚಿಂಗ್ ಮೆಷಿನ್. ಸಿಂಗಲ್ ಕಲರ್ ಆದ್ದರಿಂದ ಪ್ರತಿ ಬಣ್ಣಕ್ಕೂ ಶೀಟು ಬೇರೆಯಾಗಿ ಓಡಬೇಕು. ಪ್ರತಿ ಬಣ್ಣಕ್ಕೆ ಪ್ಲೇಟ್ ಕಟ್ಟಿ, ರೋಲರ್ ತೊಳೆದು, ಹೊಂದಿಸಲು ಅರ್ಧ ಗಂಟೆ. ಓಡಲು ಶುರುವಾದ ಮೇಲೆ ಗಂಟೆಗೆ 4000 ಶೀಟ್. ಪಂಚಿಂಗ್‌ನಲ್ಲಿ ಡೈ ಕೂರಿಸಲು ಒಂದು ಗಂಟೆ, ಆಮೇಲೆ ಗಂಟೆಗೆ 1000 ಶೀಟ್.

ಈಗ ಫೈಲ್ ಹೊದಿಕೆಯ ಜಾಬ್ ನೋಡಿ. ಒಂದೇ ಬಣ್ಣ, 2000 ಶೀಟ್. ಮುದ್ರಣಕ್ಕೆ ಅರ್ಧ ಗಂಟೆ ಸಿದ್ಧತೆ, ಅರ್ಧ ಗಂಟೆ ಓಟ, ಅಲ್ಲಿಗೆ 1 ಗಂಟೆ. ಪಂಚಿಂಗ್‌ಗೆ ಡೈ ಕೂರಿಸಲು ಒಂದು, ಹೊಡೆಯಲು ಎರಡು, ಒಟ್ಟು 3 ಗಂಟೆ. ಬಟ್ಟೆ ಅಂಗಡಿಯ ಟ್ಯಾಗ್‌ನದು ಇದಕ್ಕೆ ಪೂರ್ತಿ ವಿರುದ್ಧ. ಎರಡೂ ಬದಿ ನಾಲ್ಕು ಬಣ್ಣ, ಅಂದರೆ ಎಂಟು ಓಟ. ಒಂದು ಶೀಟಿನಲ್ಲಿ ಹಲವು ಟ್ಯಾಗ್ ಕೂರುವುದರಿಂದ ಶೀಟು ಬರೀ 500. ಪ್ಲೇಟ್ ಬದಲಿಸುವುದರಲ್ಲೇ 4 ಗಂಟೆ ಹೋಗಿ, ಎಂಟೂ ಓಟ ಸೇರಿ 1 ಗಂಟೆ, ಮುದ್ರಣಕ್ಕೆ 5 ಗಂಟೆ. ಪಂಚಿಂಗ್‌ಗೆ ಪುಟ್ಟ ಡೈ, ಅರ್ಧ ಗಂಟೆಯಲ್ಲಿ ಕೂರುತ್ತದೆ, ಇನ್ನರ್ಧ ಗಂಟೆಯಲ್ಲಿ 500 ಶೀಟೂ ಮುಗಿಯುತ್ತದೆ. 1 ಗಂಟೆ.

ಬಣ್ಣ ಹೆಚ್ಚಿದ್ದರೆ ಮುದ್ರಣ ಎಳೆಯುತ್ತದೆ, ಶೀಟು ಹೆಚ್ಚಿದ್ದರೆ ಪಂಚಿಂಗ್ ಎಳೆಯುತ್ತದೆ. ಸರದಿಯ ಆಟವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಉಳಿದ ಮೂರು ಜಾಬ್‌ಗಳನ್ನೂ ಹೀಗೆಯೇ ಅಳೆದರೆ ಸಿಗುವ ಪಟ್ಟಿ ಇದು:

| ಜಾಬ್ | ಮುದ್ರಣ (ಗಂಟೆ) | ಪಂಚಿಂಗ್ (ಗಂಟೆ) |
|---|---|---|
| ಟ್ಯಾಗ್ | 5 | 1 |
| ಮದುವೆ ಕಾರ್ಡ್ | 3 | 2 |
| ಸಿಹಿತಿಂಡಿ ಡಬ್ಬಿ | 3 | 5 |
| ಅಗರಬತ್ತಿ ಪೆಟ್ಟಿಗೆ | 4 | 3 |
| ಫೈಲ್ ಹೊದಿಕೆ | 1 | 3 |
| ಒಟ್ಟು | 16 | 14 |

ಪಟ್ಟಿಯಲ್ಲಿರುವುದು ಆರ್ಡರ್ ಬಂದ ಕ್ರಮ. ಬಂದ ಹಾಗೇ ಹತ್ತಿಸಿದರೆ ಏನಾಗುತ್ತದೆ ಎಂದು ಮೊದಲು ನೋಡಿಬಿಡೋಣ. ಗಡಿಯಾರ ಸೊನ್ನೆಯಿಂದ ಶುರು.

| ಜಾಬ್ | ಮುದ್ರಣ ಶುರು–ಮುಗಿತ | ಪಂಚಿಂಗ್ ಶುರು–ಮುಗಿತ |
|---|---|---|
| ಟ್ಯಾಗ್ | 0–5 | 5–6 |
| ಮದುವೆ ಕಾರ್ಡ್ | 5–8 | 8–10 |
| ಸಿಹಿತಿಂಡಿ ಡಬ್ಬಿ | 8–11 | 11–16 |
| ಅಗರಬತ್ತಿ ಪೆಟ್ಟಿಗೆ | 11–15 | 16–19 |
| ಫೈಲ್ ಹೊದಿಕೆ | 15–16 | 19–22 |

ಈ ಕೋಷ್ಟಕ ತುಂಬುವಾಗ ನೆನಪಿಡಬೇಕಾದದ್ದು ಒಂದೇ. ಪಂಚಿಂಗ್ ಶುರುವಾಗಲು ಎರಡು ಸಂಗತಿ ಆಗಿರಬೇಕು: ಆ ಜಾಬ್‌ನ ಮುದ್ರಣ ಮುಗಿದಿರಬೇಕು, ಹಿಂದಿನ ಜಾಬ್‌ನ ಪಂಚಿಂಗ್ ಕೂಡ ಮುಗಿದಿರಬೇಕು. ಎರಡರಲ್ಲಿ ಯಾವುದು ತಡವೋ ಅದೇ ಶುರುವಾಗುವ ಹೊತ್ತು. ಅಗರಬತ್ತಿ ಪೆಟ್ಟಿಗೆ 15ಕ್ಕೇ ಮುದ್ರಣವಾಗಿ ಬಂದಿದ್ದರೂ ಡಬ್ಬಿಯ ಪಂಚಿಂಗ್ 16ರವರೆಗೆ ನಡೆದದ್ದರಿಂದ ಅದು ಕಾಯಬೇಕಾಯಿತು. ಫೈಲ್ ಅಂತೂ 16ಕ್ಕೆ ಸಿದ್ಧವಾಗಿ 19ರವರೆಗೆ ರಾಶಿಯಲ್ಲಿ ಬಿದ್ದಿತ್ತು.

ಒಟ್ಟು 22 ಗಂಟೆ. ಪಂಚಿಂಗ್ ಮೆಷಿನ್‌ಗೆ ಇದ್ದ ಕೆಲಸ 14 ಗಂಟೆ ಮಾತ್ರ, ಉಳಿದ 8 ಗಂಟೆ ಅದು ಸುಮ್ಮನಿತ್ತು. ಅದರಲ್ಲಿ ಮೊದಲ 5 ಗಂಟೆ, ಟ್ಯಾಗ್‌ನ ಎಂಟು ಬಣ್ಣ ಮುಗಿಯಲಿ ಎಂದು ಕಾದದ್ದು.

ಎರಡು ತುದಿಯಿಂದ ತುಂಬುವುದು

ಜಾನ್ಸನ್ ಹೇಳುವ ಕ್ರಮ ಹೀಗಿದೆ. ಎರಡೂ ಕಾಲಮ್‌ಗಳನ್ನು ಒಟ್ಟಿಗೆ ನೋಡಿ, ಅತಿ ಚಿಕ್ಕ ಅಂಕಿ ಎಲ್ಲಿದೆ ಹುಡುಕಿ. ಅದು ಮುದ್ರಣದ ಕಾಲಮ್‌ನಲ್ಲಿದ್ದರೆ ಆ ಜಾಬ್ ಸರದಿಯ ಮುಂದಿನ ತುದಿಗೆ. ಪಂಚಿಂಗ್ ಕಾಲಮ್‌ನಲ್ಲಿದ್ದರೆ ಹಿಂದಿನ ತುದಿಗೆ. ಆ ಜಾಬ್‌ನ ಇಡೀ ಸಾಲನ್ನು ಹೊಡೆದುಹಾಕಿ, ಉಳಿದವುಗಳಲ್ಲಿ ಮತ್ತೆ ಚಿಕ್ಕದನ್ನು ಹುಡುಕಿ. ಹೀಗೆ ಎರಡೂ ತುದಿಯಿಂದ ತುಂಬುತ್ತ ನಡುವಿಗೆ ಬನ್ನಿ.

ನಮ್ಮ ಪಟ್ಟಿಯಲ್ಲಿ ಅತಿ ಚಿಕ್ಕ ಅಂಕಿ 1, ಎರಡು ಕಡೆ ಇದೆ. ಫೈಲ್‌ನ ಮುದ್ರಣ 1, ಹಾಗಾಗಿ ಫೈಲ್ ಎಲ್ಲಕ್ಕಿಂತ ಮೊದಲು. ಟ್ಯಾಗ್‌ನ ಪಂಚಿಂಗ್ 1, ಹಾಗಾಗಿ ಟ್ಯಾಗ್ ಎಲ್ಲಕ್ಕಿಂತ ಕೊನೆಗೆ. ಎರಡೂ ಸಾಲು ಹೊಡೆದುಹಾಕಿದರೆ ಉಳಿದದ್ದರಲ್ಲಿ ಚಿಕ್ಕದು ಮದುವೆ ಕಾರ್ಡ್‌ನ ಪಂಚಿಂಗ್, 2. ಅದು ಕೊನೆಯಿಂದ ಎರಡನೆಯದು. ಈಗ ಉಳಿದದ್ದು ಡಬ್ಬಿ ಮತ್ತು ಅಗರಬತ್ತಿ. ಚಿಕ್ಕದು 3, ಮತ್ತೆ ಎರಡು ಕಡೆ: ಡಬ್ಬಿಯ ಮುದ್ರಣ, ಅಗರಬತ್ತಿಯ ಪಂಚಿಂಗ್. ಡಬ್ಬಿ ಮುಂದಕ್ಕೆ, ಅಗರಬತ್ತಿ ಹಿಂದಕ್ಕೆ. ಅಂಕಿ ಸಮವಾದರೂ ತುದಿ ಬೇರೆಯಾದ್ದರಿಂದ ಜಗಳವಿಲ್ಲ. ಒಂದೇ ಕಾಲಮ್‌ನಲ್ಲಿ ಸಮ ಬಂದಿದ್ದರೆ ಯಾವುದನ್ನು ಮೊದಲು ಇಟ್ಟರೂ ಒಟ್ಟು ಸಮಯ ಬದಲಾಗುವುದಿಲ್ಲ.

| ಜಾಬ್ | ಮುದ್ರಣ ಶುರು–ಮುಗಿತ | ಪಂಚಿಂಗ್ ಶುರು–ಮುಗಿತ |
|---|---|---|
| ಫೈಲ್ ಹೊದಿಕೆ | 0–1 | 1–4 |
| ಸಿಹಿತಿಂಡಿ ಡಬ್ಬಿ | 1–4 | 4–9 |
| ಅಗರಬತ್ತಿ ಪೆಟ್ಟಿಗೆ | 4–8 | 9–12 |
| ಮದುವೆ ಕಾರ್ಡ್ | 8–11 | 12–14 |
| ಟ್ಯಾಗ್ | 11–16 | 16–17 |

17 ಗಂಟೆ. ಅದೇ ಯಂತ್ರ, ಅದೇ ಜನ, ಅದೇ ಶೀಟು, 5 ಗಂಟೆ ಉಳಿತಾಯ. ಪಂಚಿಂಗ್ ಸುಮ್ಮನಿದ್ದದ್ದು ಮೊದಲ 1 ಗಂಟೆ, ಆಮೇಲೆ 14ರಿಂದ 16ರವರೆಗೆ 2 ಗಂಟೆ.

17ಕ್ಕಿಂತ ಕಡಿಮೆ ಸಾಧ್ಯವೇ ಎಂದು ಕೇಳಬಹುದು. ಐದು ಜಾಬ್‌ಗಳಿಗೆ 120 ಸರದಿಗಳಿವೆ, ಆದರೆ ಅಷ್ಟನ್ನೂ ಬರೆದು ನೋಡಬೇಕಿಲ್ಲ. ಆಫ್‌ಸೆಟ್‌ಗೆ ಹೇಗೂ 16 ಗಂಟೆ ಕೆಲಸವಿದೆ. ಅದು ಮುಗಿದ ಮೇಲೆ ಕೊನೆಯ ಜಾಬ್‌ನ ಪಂಚಿಂಗ್ ಬಾಕಿ ಇದ್ದೇ ಇರುತ್ತದೆ. ನಮ್ಮಲ್ಲಿರುವ ಅತಿ ಚಿಕ್ಕ ಪಂಚಿಂಗ್ 1 ಗಂಟೆಯದು. ಹಾಗಾಗಿ ಯಾವ ಜಾಣನೂ 17ರ ಕೆಳಗೆ ಇಳಿಸಲಾರ. ಎಲ್ಲ ಪಟ್ಟಿಗಳಲ್ಲೂ ಉತ್ತರ ಇಷ್ಟು ಸಲೀಸಾಗಿ ಸಾಬೀತಾಗುವುದಿಲ್ಲ, ಆದರೆ ಈ ಸರದಿಯನ್ನು ಮೀರಿಸುವ ಸರದಿ ಇಲ್ಲ ಎಂಬುದನ್ನು ಜಾನ್ಸನ್ ಎಲ್ಲ ಪಟ್ಟಿಗಳಿಗೂ ಸಾಧಿಸಿ ತೋರಿಸಿದ್ದಾರೆ. ಜಾಬ್ ಹತ್ತಾದರೆ ಸರದಿಗಳ ಸಂಖ್ಯೆ 36,28,800. ಆಗಲೂ ನಿಯಮಕ್ಕೆ ಬೇಕಾಗುವುದು ಅದೇ ಐದು ನಿಮಿಷ.

ಅಂದಾಜಿನ ಸರದಿಗಳು ಎಲ್ಲಿ ಎಡವುತ್ತವೆ

ಪ್ರೆಸ್ಸುಗಳಲ್ಲಿ ಎರಡು ಬಗೆಯ ವಾದ ಕೇಳಿಬರುತ್ತದೆ. "ದೊಡ್ಡ ಜಾಬ್ ಮೊದಲು ಮುಗಿಸಿಬಿಡೋಣ, ಸಣ್ಣವು ಹೇಗೂ ಆಗುತ್ತವೆ" ಎನ್ನುವವರು ಒಬ್ಬರು. "ಸಣ್ಣದನ್ನೆಲ್ಲ ಬೇಗ ಬೇಗ ಕಳಿಸಿ, ದೊಡ್ಡದಕ್ಕೆ ನಿಧಾನವಾಗಿ ಕೂರೋಣ" ಎನ್ನುವವರು ಇನ್ನೊಬ್ಬರು. ಇಬ್ಬರೂ ಮುದ್ರಣ ಮತ್ತು ಪಂಚಿಂಗನ್ನು ಕೂಡಿಸಿ, ಬಂದ ಮೊತ್ತದ ಮೇಲೆ ಜಾಬ್‌ಗಳನ್ನು ಅಳೆಯುತ್ತಾರೆ. ಕೂಡಿಸಿದ ಕ್ಷಣದಲ್ಲೇ ಬೇಕಾದ ಮಾಹಿತಿ ಕಳೆದುಹೋಗುತ್ತದೆ.

ಮೊತ್ತದ ಲೆಕ್ಕದಲ್ಲಿ ದೊಡ್ಡದು ಮೊದಲು ಎಂದರೆ ಡಬ್ಬಿ, ಅಗರಬತ್ತಿ, ಟ್ಯಾಗ್, ಕಾರ್ಡ್, ಫೈಲ್. ಕೋಷ್ಟಕ ಹಾಕಿದರೆ 20 ಗಂಟೆ ಬರುತ್ತದೆ. ಸಣ್ಣದು ಮೊದಲು ಎಂದರೆ ಇದರ ತಿರುಗುಮುರುಗು, ಅದು 21. ಸಣ್ಣದು ಮೊದಲು ಎನ್ನುವ ಸರದಿ ಫೈಲ್‌ನಿಂದ ಚೆನ್ನಾಗಿಯೇ ಶುರುವಾಗುತ್ತದೆ, ಆದರೆ ಕೊನೆಗೆ ಡಬ್ಬಿಯನ್ನು ಇಟ್ಟುಕೊಳ್ಳುತ್ತದೆ. 16ಕ್ಕೆ ಆಫ್‌ಸೆಟ್ ನಿಂತ ಮೇಲೆ 5 ಗಂಟೆ ಪಂಚಿಂಗ್ ಒಂದೇ ನಡೆಯಬೇಕಾಗುತ್ತದೆ.

ನಿಯಮದ ಒಳಗುಟ್ಟು ಇಲ್ಲೇ ಇದೆ. ಎರಡು ಯಂತ್ರಗಳ ಸಾಲಿನಲ್ಲಿ ತಪ್ಪಿಸಲಾಗದ ಎರಡು ಕಾಯುವಿಕೆಗಳಿವೆ. ಶುರುವಿನಲ್ಲಿ ಪಂಚಿಂಗ್ ಕಾಯಬೇಕು, ಕೊನೆಯಲ್ಲಿ ಆಫ್‌ಸೆಟ್ ಸುಮ್ಮನಿರಬೇಕು. ಶುರುವಿನದನ್ನು ಕಿರಿದು ಮಾಡಲು ಮುದ್ರಣ ಬೇಗ ಮುಗಿಯುವ ಜಾಬ್ ಮುಂದಿರಬೇಕು. ಕೊನೆಯದನ್ನು ಕಿರಿದು ಮಾಡಲು ಪಂಚಿಂಗ್ ಬೇಗ ಮುಗಿಯುವ ಜಾಬ್ ಹಿಂದಿರಬೇಕು. ನಡುವಿನ ಹೊತ್ತಿಗೆ ಇನ್ನೊಂದು ಅನುಕೂಲ ಸಿಗುತ್ತದೆ. ಫೈಲ್, ಡಬ್ಬಿ ಇವೆರಡರಲ್ಲೂ ಮುದ್ರಣಕ್ಕಿಂತ ಪಂಚಿಂಗ್ ಉದ್ದ, ಹಾಗಾಗಿ ಅವು ಮೊದಲು ಹೋದರೆ ಪಂಚಿಂಗ್ ಮುಂದೆ ಕೆಲಸ ಶೇಖರವಾಗುತ್ತದೆ. ಆಮೇಲೆ ಮುದ್ರಣ ಎಳೆಯುವ ಜಾಬ್‌ಗಳು ಬಂದಾಗ ಪಂಚಿಂಗ್ ಆ ಶೇಖರವನ್ನು ಮುಗಿಸುತ್ತಿರುತ್ತದೆ, ಕೈ ಖಾಲಿಯಾಗುವುದಿಲ್ಲ. ಮೇಲಿನ ಕೋಷ್ಟಕದಲ್ಲಿ ಅಗರಬತ್ತಿಯೂ ಕಾರ್ಡೂ ಒಂದೊಂದು ಗಂಟೆ ಕಾದದ್ದು ಈ ಶೇಖರದಿಂದಲೇ. ಆಫ್‌ಸೆಟ್ ಮತ್ತು ಪಂಚಿಂಗ್ ನಡುವೆ ಸ್ವಲ್ಪ ಶೀಟು ಬಿದ್ದಿರುವುದು ಸೋಮಾರಿತನದ ಗುರುತಲ್ಲ. ಬೆಳಿಗ್ಗೆಯೇ ಬಿದ್ದಿದ್ದರೆ ಒಳ್ಳೆಯದು, ಸಂಜೆ ಬಿದ್ದಿದ್ದರೆ ಕೆಟ್ಟದ್ದು, ಅಷ್ಟೇ.

ನಂಬಿಕೆ ಬರದಿದ್ದರೆ ಎರಡೇ ಜಾಬ್ ಇಟ್ಟುಕೊಂಡು ಅದಲುಬದಲು ಮಾಡಿ ನೋಡಿ. ಫೈಲ್ ಮೊದಲು, ಟ್ಯಾಗ್ ಆಮೇಲೆ: 7 ಗಂಟೆ. ಟ್ಯಾಗ್ ಮೊದಲು, ಫೈಲ್ ಆಮೇಲೆ: 9 ಗಂಟೆ. ಇಡೀ ನಿಯಮದ ಸಾಧನೆ ಇಂಥ ಅದಲುಬದಲಿನ ಮೇಲೆಯೇ ನಿಂತಿದೆ. ಅಕ್ಕಪಕ್ಕದ ಎರಡು ಜಾಬ್‌ಗಳಲ್ಲಿ ಹಿಂದಿನದನ್ನು ಮುಂದಕ್ಕೆ ತಂದರೆ ಲಾಭವೇ ಎಂದು ಕೇಳುತ್ತ ಹೋಗಿ, ಇನ್ನು ಯಾವ ಜೋಡಿಯನ್ನು ಬದಲಿಸಿದರೂ ಲಾಭವಿಲ್ಲ ಎನ್ನುವ ಸ್ಥಿತಿಗೆ ತಲುಪುವುದು.

ಲೆಕ್ಕ ಹಾಕುವಾಗ ಹೆಚ್ಚಾಗಿ ಆಗುವ ತಪ್ಪು ಎರಡನೇ ಕಾಲಮ್‌ನದು. ಚಿಕ್ಕ ಅಂಕಿ ಪಂಚಿಂಗ್‌ನಲ್ಲಿ ಸಿಕ್ಕಿದಾಗಲೂ "ಚಿಕ್ಕದಲ್ಲವೇ" ಎಂದು ಮುಂದಿನ ತುದಿಗೆ ಹಾಕಿಬಿಡುತ್ತಾರೆ. ಕೋಷ್ಟಕ ಸರಿಯಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಕೊನೆಯ ಜಾಬ್‌ನ ಮುದ್ರಣ ಮುಗಿಯುವ ಹೊತ್ತು ಮುದ್ರಣ ಕಾಲಮ್‌ನ ಮೊತ್ತಕ್ಕೆ ಸಮವಿರಬೇಕು, ನಮ್ಮಲ್ಲಿ 16. ಪಂಚಿಂಗ್‌ನ ಕೆಲಸದ ಗಂಟೆಗಳೂ ಅದು ಸುಮ್ಮನಿದ್ದ ಗಂಟೆಗಳೂ ಸೇರಿದರೆ ಒಟ್ಟು ಸಮಯ ಬರಬೇಕು, ನಮ್ಮಲ್ಲಿ 14 ಮತ್ತು 3 ಸೇರಿ 17. ಇವೆರಡರಲ್ಲಿ ಒಂದು ತಪ್ಪಿದರೂ ಎಲ್ಲೋ ಕೂಡಿಸುವುದರಲ್ಲಿ ಜಾರಿದ್ದೀರಿ.

ಕಂಪ್ಯೂಟರಿನಲ್ಲಿ ಸ್ಪ್ರೆಡ್‌ಶೀಟ್ ಬಳಸುವವರಿಗೆ ಕೆಲಸ ಇನ್ನೂ ಹಗುರ. A ಕಾಲಮ್‌ನಲ್ಲಿ ಜಾಬ್, B ಮುದ್ರಣ, C ಪಂಚಿಂಗ್ ಇಟ್ಟು, ಎರಡನೇ ಸಾಲಿನಿಂದ ಜಾಬ್‌ಗಳನ್ನು ಸರದಿಯಂತೆ ಬರೆದರೆ D ಮುದ್ರಣ ಮುಗಿಯುವ ಹೊತ್ತು, E ಪಂಚಿಂಗ್ ಮುಗಿಯುವ ಹೊತ್ತು:

```
D2:  =B2
E2:  =D2+C2
D3:  =D2+B3
E3:  =MAX(D3,E2)+C3
```

ಮೂರನೇ ಸಾಲಿನ ಎರಡು ಸೂತ್ರಗಳನ್ನು ಕೆಳಗೆ ಎಳೆದರೆ ಉಳಿದದ್ದು ತಾನಾಗಿ ತುಂಬಿಕೊಳ್ಳುತ್ತದೆ. ಸಾಲುಗಳನ್ನು ಅದಲುಬದಲು ಮಾಡುವಾಗ A, B, C ಮಾತ್ರ ಬದಲಿಸಿ, ಸೂತ್ರಗಳನ್ನು ಮುಟ್ಟಬೇಡಿ.

"ಸಾರ್, ನನ್ನ ಕಾರ್ಡು?"

ಈ ಲೆಕ್ಕದಲ್ಲಿ ಮದುವೆ ಮನೆಯವರಿಗೆ ಕಾರ್ಡು ಸಿಗುವುದು 14ನೇ ಗಂಟೆಗೆ. ಅವರಿಗೆ ನಿಮ್ಮ ಯಂತ್ರಗಳ ಒಟ್ಟು ಸಮಯ ಕಟ್ಟಿಕೊಂಡು ಏನಾಗಬೇಕು? ಮಗಳ ಮದುವೆಯ ಕಾರ್ಡು ಮೊದಲು ಕೈಗೆ ಬರಬೇಕು. ಇಲ್ಲಿ ಬಹಳ ಜನ ನಿಯಮವನ್ನೇ ಕೈಬಿಟ್ಟು, ಕಾರ್ಡನ್ನು ಎಲ್ಲಕ್ಕಿಂತ ಮೊದಲು ಹತ್ತಿಸಿಬಿಡುತ್ತಾರೆ. ಅಷ್ಟು ಆತುರ ಬೇಕಿಲ್ಲ.

ಜಾನ್ಸನ್ ನಿಯಮ ಒಂದು ಅತ್ಯುತ್ತಮ ಸರದಿಯನ್ನು ಕೊಡುತ್ತದೆ. ಅದೊಂದೇ ಅತ್ಯುತ್ತಮ ಎಂದು ಅದು ಹೇಳುವುದಿಲ್ಲ. 17 ಎಂಬ ಗುರಿ ಗೊತ್ತಾದ ಮೇಲೆ, ಅದನ್ನು ಕೆಡಿಸದೆ ಏನೇನು ಬದಲಿಸಬಹುದು ಎಂದು ನೋಡಬಹುದು. ಫೈಲ್ ಮೊದಲೇ ಇರಲಿ, ಟ್ಯಾಗ್ ಕೊನೆಯಲ್ಲೇ ಇರಲಿ. ನಡುವೆ ಕಾರ್ಡನ್ನು ಎರಡನೆಯದಾಗಿ ತಂದು, ಅಗರಬತ್ತಿ, ಡಬ್ಬಿ ಎಂದು ಮುಂದುವರಿಸಿ:

| ಜಾಬ್ | ಮುದ್ರಣ ಶುರು–ಮುಗಿತ | ಪಂಚಿಂಗ್ ಶುರು–ಮುಗಿತ |
|---|---|---|
| ಫೈಲ್ ಹೊದಿಕೆ | 0–1 | 1–4 |
| ಮದುವೆ ಕಾರ್ಡ್ | 1–4 | 4–6 |
| ಅಗರಬತ್ತಿ ಪೆಟ್ಟಿಗೆ | 4–8 | 8–11 |
| ಸಿಹಿತಿಂಡಿ ಡಬ್ಬಿ | 8–11 | 11–16 |
| ಟ್ಯಾಗ್ | 11–16 | 16–17 |

ಒಟ್ಟು ಅದೇ 17, ಆದರೆ ಕಾರ್ಡು 14ರ ಬದಲು 6ನೇ ಗಂಟೆಗೇ ಸಿದ್ಧ. ಇದಕ್ಕೆ ಬೆಲೆ ತೆತ್ತವರು ಡಬ್ಬಿಯ ಗಿರಾಕಿ, ಅವರ ಮಾಲು 9ರಿಂದ 16ಕ್ಕೆ ಹೋಯಿತು. ಇದು ಅಂಕಗಣಿತ ಬಗೆಹರಿಸುವ ವಿಷಯವಲ್ಲ, ಮಾಲೀಕರು ಗಿರಾಕಿಗೆ ಫೋನ್ ಮಾಡಿ ಕೇಳಿ ಬಗೆಹರಿಸುವ ವಿಷಯ.

ಒಟ್ಟು ಸಮಯ ಎಂದರೆ ಎರಡು ಬೇರೆ ಬೇರೆ ಸಂಗತಿ ಆಗಬಹುದು ಎಂಬುದನ್ನೂ ಇಲ್ಲಿ ಗಮನಿಸಿ. ಕೊನೆಯ ಜಾಬ್ ಮುಗಿಯುವ ಹೊತ್ತು ಒಂದು, ಅದು ಪ್ರೆಸ್ಸಿನವರ ಚಿಂತೆ. ಪ್ರತಿ ಗಿರಾಕಿ ಕಾದ ಗಂಟೆಗಳನ್ನೆಲ್ಲ ಕೂಡಿಸಿದ ಮೊತ್ತ ಇನ್ನೊಂದು, ಅದು ಗಿರಾಕಿಗಳ ಚಿಂತೆ. ನಿಯಮದ ಸರದಿಯಲ್ಲಿ ಈ ಎರಡನೇ ಮೊತ್ತ 4, 9, 12, 14, 17 ಸೇರಿ 56. ಕಾರ್ಡನ್ನು ಮುಂದೆ ತಂದ ಸರದಿಯಲ್ಲಿ 4, 6, 11, 16, 17 ಸೇರಿ 54. ಜಾನ್ಸನ್ ನಿಯಮ ಭರವಸೆ ಕೊಡುವುದು ಮೊದಲನೆಯದಕ್ಕೆ ಮಾತ್ರ. ಎರಡನೆಯದನ್ನು ಅತಿ ಕಡಿಮೆ ಮಾಡುವ ಇಂಥದೇ ಸುಲಭ ನಿಯಮ ಯಾರ ಬಳಿಯೂ ಇಲ್ಲ. ಅದು ಬಲು ಗಟ್ಟಿಯಾದ ಸಮಸ್ಯೆಗಳ ಗುಂಪಿಗೆ ಸೇರಿದ್ದು ಎಂದು 1976ರಲ್ಲಿ ಮೈಕೇಲ್ ಗ್ಯಾರಿ, ಡೇವಿಡ್ ಜಾನ್ಸನ್ ಮತ್ತು ರವಿ ಸೇಠಿ ತೋರಿಸಿದರು. ಈ ಜಾನ್ಸನ್ ಬೇರೆ, 1954ರ ಜಾನ್ಸನ್ ಬೇರೆ. ಸೇಠಿಯವರನ್ನು ಕಂಪ್ಯೂಟರ್ ಸೈನ್ಸ್ ಓದಿದವರು ಕಂಪೈಲರ್ ಪಠ್ಯಪುಸ್ತಕದ ಮೂವರು ಲೇಖಕರಲ್ಲಿ ಒಬ್ಬರೆಂದು ಬಲ್ಲರು.

ಮೂರನೇ ಯಂತ್ರ ಸೇರಿದರೂ ಅದೇ ಕಥೆ. ಡಬ್ಬಿಗಳಿಗೆ ಅಂಟಿಸುವ ಮೆಷಿನ್ ತಂದು ಎಲ್ಲ ಜಾಬ್‌ಗಳೂ ಮೂರರ ಮೂಲಕ ಹೋಗಬೇಕೆಂದರೆ ಈ ನಿಯಮ ಸಾಮಾನ್ಯವಾಗಿ ಕೈಕೊಡುತ್ತದೆ. ಒಂದು ವಿನಾಯಿತಿಯನ್ನು ಜಾನ್ಸನ್ನರೇ ಕೊಟ್ಟಿದ್ದಾರೆ. ನಡುವಿನ ಯಂತ್ರದ ಅತಿ ದೊಡ್ಡ ಅಂಕಿ, ಮೊದಲ ಯಂತ್ರದ ಅತಿ ಚಿಕ್ಕ ಅಂಕಿಗಿಂತ ಹೆಚ್ಚಿಲ್ಲದಿದ್ದರೆ, ಅಥವಾ ಮೂರನೆಯದರ ಅತಿ ಚಿಕ್ಕ ಅಂಕಿಗಿಂತ ಹೆಚ್ಚಿಲ್ಲದಿದ್ದರೆ, ಮೊದಲೆರಡರ ಗಂಟೆ ಕೂಡಿಸಿ ಒಂದು ಕಾಲಮ್, ಕೊನೆಯೆರಡರ ಗಂಟೆ ಕೂಡಿಸಿ ಇನ್ನೊಂದು ಕಾಲಮ್ ಮಾಡಿ ಅದೇ ನಿಯಮ ಹಾಕಬಹುದು. ಸರದಿ ಸಿಕ್ಕಿದ ಮೇಲೆ ಕೋಷ್ಟಕವನ್ನು ಮಾತ್ರ ಮೂರು ಯಂತ್ರಗಳ ನಿಜವಾದ ಗಂಟೆಗಳಿಂದಲೇ ತುಂಬಬೇಕು.

ಇಂಕ್ ಒಣಗಬೇಕಲ್ಲ

ಪ್ರೆಸ್ಸಿನಲ್ಲಿ ಕೆಲಸ ಮಾಡಿದವರು ಇಷ್ಟು ಹೊತ್ತಿಗೆ ಆಕ್ಷೇಪ ಎತ್ತಿರುತ್ತಾರೆ. ಆಫ್‌ಸೆಟ್‌ನಿಂದ ಬಂದ ಶೀಟನ್ನು ಹಾಗೇ ಪಂಚಿಂಗ್‌ಗೆ ಕೊಡುವುದುಂಟೇ? ಇಂಕ್ ಒಣಗಿರದಿದ್ದರೆ ಬೆರಳು ತಾಗಿದಲ್ಲೆಲ್ಲ ಹರಡುತ್ತದೆ, ಮೇಲಿನ ಶೀಟಿನ ಬೆನ್ನಿಗೆ ಹತ್ತುತ್ತದೆ. ನುಣುಪು ಬೋರ್ಡಿನ ಮೇಲೆ ಗಾಢ ಬಣ್ಣ ಹಾಕಿದ್ದರಂತೂ ಕೇಳುವುದೇ ಬೇಡ.

ಆಕ್ಷೇಪ ನಿಜ, ಆದರೆ ಎಲ್ಲ ಜಾಬ್‌ಗಳೂ ಒಂದೇ ಅವಧಿ ಒಣಗಬೇಕಾದರೆ ಸರದಿ ಬದಲಾಗುವುದಿಲ್ಲ. ಪ್ರತಿಯೊಂದಕ್ಕೂ 4 ಗಂಟೆ ಬಿಡಬೇಕೆನ್ನಿ, ಪಂಚಿಂಗ್‌ನ ಇಡೀ ಕಾಲಮ್ 4 ಗಂಟೆ ಮುಂದಕ್ಕೆ ಸರಿಯುತ್ತದೆ. ಒಟ್ಟು 17ರ ಬದಲು 21. ಒಣಗುತ್ತಿರುವಾಗ ಶೀಟು ಯಾವ ಯಂತ್ರವನ್ನೂ ಹಿಡಿದಿರುವುದಿಲ್ಲವಲ್ಲ, ಒಂದು ಒಣಗುತ್ತಿರುವಾಗ ಇನ್ನೊಂದು ಮುದ್ರಣವಾಗುತ್ತದೆ.

ತೊಡಕು ಬರುವುದು ಒಣಗುವ ಅವಧಿ ಬೇರೆ ಬೇರೆಯಾದಾಗ. ಉಳಿದ ನಾಲ್ಕಕ್ಕೆ 2 ಗಂಟೆ ಸಾಕು, ಡಬ್ಬಿ ಮಾತ್ರ ಲ್ಯಾಮಿನೇಷನ್‌ಗೆಂದು ಹೊರಗೆ ಹೋಗಿ 8 ಗಂಟೆ ಬಿಟ್ಟು ಬರುತ್ತದೆ ಎನ್ನಿ. ನಿಯಮದ ಸರದಿಯನ್ನೇ ಎರಡೂ ಯಂತ್ರಗಳಲ್ಲಿ ಹಿಡಿದರೆ, 4ಕ್ಕೆ ಮುದ್ರಣ ಮುಗಿದ ಡಬ್ಬಿ ವಾಪಸ್ ಬರುವುದು 12ಕ್ಕೆ. ಫೈಲ್ 6ಕ್ಕೇ ಮುಗಿದಿರುತ್ತದೆ, ಪಂಚಿಂಗ್ ಅಲ್ಲಿಂದ 12ರವರೆಗೆ ಡಬ್ಬಿಯ ದಾರಿ ಕಾಯುತ್ತದೆ, ಕೊನೆಗೆ 23 ಗಂಟೆ. ಆದರೆ 8ಕ್ಕೆ ಮುದ್ರಣ ಮುಗಿದ ಅಗರಬತ್ತಿ 10ಕ್ಕೇ ಒಣಗಿ ಪಕ್ಕದಲ್ಲಿ ಕೂತಿರುತ್ತದೆ. ಅದು ಡಬ್ಬಿಯನ್ನು ದಾಟಿ ಮೊದಲು ಪಂಚಿಂಗ್‌ಗೆ ಹೋಗಲಿ. 10ರಿಂದ 13 ಅಗರಬತ್ತಿ, 13ರಿಂದ 18 ಡಬ್ಬಿ, 18ರಿಂದ 20 ಕಾರ್ಡ್, 20ರಿಂದ 21 ಟ್ಯಾಗ್. ಎರಡು ಗಂಟೆ ಉಳಿಯಿತು. ಎರಡೂ ಯಂತ್ರಗಳಲ್ಲಿ ಸರದಿ ಒಂದೇ ಇದ್ದರೆ ಸಾಕು ಎಂಬುದು ನಡುವೆ ಕಾಯುವಿಕೆ ಇಲ್ಲದಿದ್ದಾಗ ಅಥವಾ ಎಲ್ಲಕ್ಕೂ ಸಮವಿದ್ದಾಗ ನಿಲ್ಲುವ ಮಾತು. ಹೊರಗೆ ಹೋಗಿ ಬರುವ ಜಾಬ್ ಇದ್ದರೆ ನಿಯಮದಿಂದ ಶುರು ಮಾಡಿ, ಆಮೇಲೆ ಕೋಷ್ಟಕದಲ್ಲಿ ಇಂಥ ದಾಟುವಿಕೆ ಇದೆಯೇ ಎಂದು ಕಣ್ಣಾಡಿಸಬೇಕು.

ಇನ್ನೊಂದು ಮಿತಿ ರೋಲರ್ ತೊಳೆಯುವುದರದು. ಪ್ರತಿ ಬಣ್ಣಕ್ಕೆ ಅರ್ಧ ಗಂಟೆ ಎಂದು ಹಿಡಿದೆವು. ಕಪ್ಪು ಓಡಿಸಿದ ಮೇಲೆ ಹಳದಿ ಹಾಕಬೇಕೆಂದರೆ ಅಷ್ಟರಲ್ಲಿ ಆಗುವುದಿಲ್ಲ, ಎರಡೆರಡು ಸಲ ತೊಳೆಯಬೇಕು. ಸಿದ್ಧತೆಯ ಹೊತ್ತು ಹಿಂದಿನ ಜಾಬ್ ಯಾವುದು ಎಂಬುದರ ಮೇಲೆ ನಿಂತರೆ ಜಾನ್ಸನ್ ನಿಯಮದ ಭರವಸೆ ಸಲ್ಲದು. ವ್ಯತ್ಯಾಸ ಕಾಲು ಗಂಟೆಯಷ್ಟಾದರೆ ತಲೆಕೆಡಿಸಿಕೊಳ್ಳಬೇಡಿ. ಗಂಟೆಗಟ್ಟಲೆ ಆದರೆ ಒಂದೇ ಬಗೆಯ ಬಣ್ಣದ ಜಾಬ್‌ಗಳನ್ನು ಒಟ್ಟಿಗೆ ಓಡಿಸುವ ಹಳೆಯ ಪದ್ಧತಿಯೇ ಮೇಲು.

ಅಂದಾಜಿನ ಗಂಟೆಗಳು ತಪ್ಪಿದರೆ? ತಪ್ಪಿಯೇ ತಪ್ಪುತ್ತವೆ, ಕರೆಂಟು ಹೋಗುತ್ತದೆ, ಡೈ ಬ್ಲೇಡು ಮೊಂಡಾಗುತ್ತದೆ. ಆದರೂ ಸರದಿ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಮೊದಲ 17 ಗಂಟೆಯ ಕೋಷ್ಟಕದಲ್ಲಿ ಅಗರಬತ್ತಿಯ ಪಂಚಿಂಗ್ 3ರ ಬದಲು 5 ಗಂಟೆ ಹಿಡಿದರೂ ಅದು 9ರಿಂದ 14, ಕಾರ್ಡ್ 14ರಿಂದ 16, ಟ್ಯಾಗ್ 16ರಿಂದ 17. ಒಟ್ಟು ಅಲುಗುವುದೇ ಇಲ್ಲ, 14ರಿಂದ 16ರವರೆಗಿನ ಬಿಡುವು ಆ ಏಟನ್ನು ನುಂಗಿಕೊಳ್ಳುತ್ತದೆ. ಆದರೆ ಆಫ್‌ಸೆಟ್ ಒಂದು ಗಂಟೆ ತಡವಾದರೆ ಒಟ್ಟೂ ಒಂದು ಗಂಟೆ ತಡ, ಏಕೆಂದರೆ ಅದಕ್ಕೆ 0ಯಿಂದ 16ರವರೆಗೆ ಒಂದು ನಿಮಿಷದ ಬಿಡುವೂ ಇಲ್ಲ. ಈ ಐದು ಜಾಬ್ ಓಡುವ ಎರಡು ದಿನ ಮೆಕ್ಯಾನಿಕ್ಕನ್ನು ಯಾವ ಯಂತ್ರದ ಪಕ್ಕ ನಿಲ್ಲಿಸಬೇಕೆಂಬುದಕ್ಕೂ ಕೋಷ್ಟಕದಲ್ಲೇ ಉತ್ತರವಿದೆ.

ನಿಮ್ಮ ಪ್ರೆಸ್ಸಿನ ಜಾಬ್ ಕಾರ್ಡಿನಲ್ಲಿ ಗಿರಾಕಿಯ ಹೆಸರು, ಶೀಟಿನ ಅಳತೆ, ಬಣ್ಣ, ದರ ಎಲ್ಲವೂ ಈಗಾಗಲೇ ಇರುತ್ತದೆ. ಅದರ ಕೆಳಗೆ ಇನ್ನೆರಡು ಖಾನೆ ಹಾಕಿಸಿ: ಆಫ್‌ಸೆಟ್ ಎಷ್ಟು ಗಂಟೆ, ಪಂಚಿಂಗ್ ಎಷ್ಟು ಗಂಟೆ. ಜಾಬ್ ಮುಗಿದ ಮೇಲೆ ಆಪರೇಟರಿಂದ ನಿಜವಾಗಿ ಆದ ಗಂಟೆಯನ್ನೂ ಅಲ್ಲೇ ಬರೆಸಿ. ತಿಂಗಳೊಳಗೆ ನಿಮ್ಮ ಅಂದಾಜು ಹತ್ತಿರಕ್ಕೆ ಬರುತ್ತದೆ, ಬೆಳಿಗ್ಗೆ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ ಎರಡೂ ತುದಿಯಿಂದ ಜೋಡಿಸಬಹುದು.